ಮರದ ತುಂಡು ಏರಿದ ಎತ್ತರದಿಂದ ಗುಂಡಿನ ವೇಗ: ಬ್ಯಾಲಿಸ್ಟಿಕ್ ಲೋಲಕವನ್ನು ಕಟ್ಟಿ ಅಳೆಯುವ ಕ್ರಮ

ತೂಗುಹಾಕಿದ ಮರದ ತುಂಡಿಗೆ ಗುಂಡು ಹೊಡೆದು, ತುಂಡು ಎಷ್ಟು ಎತ್ತರಕ್ಕೆ ಏರಿತು ಎಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಪ್ರಯೋಗದ ಬಗ್ಗೆ ಮಂಗಳೂರು, ಉಡುಪಿ ಕಡೆಯ ಪಿಯುಸಿ ಮತ್ತು ಬಿ.ಎಸ್‌ಸಿ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ತುಂಡು ಏರಿದ ಎತ್ತರವನ್ನು ಮೊದಲೇ ಕೊಟ್ಟಿರುತ್ತಾರೆ. ಆದರೆ ನಿಜವಾಗಿ ತುಂಡನ್ನು ತೂಗುಹಾಕಿ ಏರ್‌ಗನ್ನಿನಿಂದ ಹೊಡೆದರೆ ಅದು ಮೂರೋ ನಾಲ್ಕೋ ಮಿಲಿಮೀಟರ್ ಮಾತ್ರ ಮೇಲೇರುತ್ತದೆ. ಪಕ್ಕದಲ್ಲಿ ಸ್ಕೇಲು ಹಿಡಿದು ನಿಂತವರಲ್ಲಿ ಒಬ್ಬರು ಮೂರು ಎನ್ನುತ್ತಾರೆ, ಇನ್ನೊಬ್ಬರು ನಾಲ್ಕು ಎನ್ನುತ್ತಾರೆ. ಮುಂದೆ ನಾವು ನೋಡಲಿರುವ ತುಂಡಿನ ಮಟ್ಟಿಗೆ, ಈ ಒಂದು ಮಿಲಿಮೀಟರಿನ ಭಿನ್ನಾಭಿಪ್ರಾಯದಿಂದ ಗುಂಡಿನ ವೇಗ ಸೆಕೆಂಡಿಗೆ 140 ಮೀಟರಿನಿಂದ 162 ಮೀಟರಿಗೆ ಜಿಗಿಯುತ್ತದೆ. ಹೀಗಿರುವಾಗ ಅಳೆಯುವುದು ಹೇಗೆ?

ಎತ್ತರವನ್ನು ನೇರವಾಗಿ ಅಳೆಯಬಾರದು ಎಂಬುದೇ ಇದಕ್ಕೆ ಉತ್ತರ. ತುಂಡು ಅಡ್ಡಲಾಗಿ ಎಷ್ಟು ದೂರ ಸರಿಯಿತು ಎಂಬುದನ್ನು ಅಳೆದು, ಅದರಿಂದ ಎತ್ತರವನ್ನು ಲೆಕ್ಕ ಹಾಕಬೇಕು. ಎತ್ತರ ಮೂರೂವರೆ ಮಿಲಿಮೀಟರ್ ಇರುವಲ್ಲಿ ಅಡ್ಡ ಸರಿತ ಹತ್ತು ಸೆಂಟಿಮೀಟರಿನಷ್ಟಿರುತ್ತದೆ. ಅಷ್ಟನ್ನು ಸಾಧಾರಣ ಸ್ಕೇಲಿನಲ್ಲೇ ನೆಮ್ಮದಿಯಿಂದ ಓದಬಹುದು. ಹೀಗೆ ಅಳೆಯುವ ಕ್ರಮವನ್ನು, ಏರ್‌ಗನ್ನಿನ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಲೇಖನದಲ್ಲಿ ವಿವರಿಸಿದ್ದೇನೆ.

ಲೆಕ್ಕದ ಎರಡು ಘಟ್ಟಗಳು

ಕಟ್ಟುವ ಕೆಲಸಕ್ಕೆ ಕೈಹಾಕುವ ಮೊದಲು ಒಂದು ವಿಷಯ ನಿಮಗೆ ಸ್ಪಷ್ಟವಾಗಿರಬೇಕು. ಇಲ್ಲಿ ಎರಡು ಘಟನೆಗಳು ಒಂದರ ಹಿಂದೆ ಒಂದರಂತೆ ನಡೆಯುತ್ತವೆ, ಮತ್ತು ಎರಡಕ್ಕೂ ಬೇರೆ ಬೇರೆ ನಿಯಮಗಳು ಅನ್ವಯಿಸುತ್ತವೆ.

ಮೊದಲನೆಯದು ಗುಂಡು ತುಂಡಿನೊಳಗೆ ಹೊಕ್ಕು ನಿಲ್ಲುವ ಘಟನೆ. ಪೆಲೆಟ್ ಒಂದೆರಡು ಸೆಂಟಿಮೀಟರ್ ಒಳಹೋಗಿ ನಿಲ್ಲಲು ಒಂದು ಸೆಕೆಂಡಿನ ಸಾವಿರದ ಒಂದಂಶಕ್ಕಿಂತಲೂ ಕಡಿಮೆ ಸಮಯ ಸಾಕಾಗುತ್ತದೆ. ಅಷ್ಟರಲ್ಲಿ ತುಂಡು ಕಣ್ಣಿಗೆ ಕಾಣುವಷ್ಟು ಸರಿದಿರುವುದಿಲ್ಲ, ದಾರಗಳು ಇನ್ನೂ ನೆಟ್ಟಗೇ ಇರುತ್ತವೆ. ಆದ್ದರಿಂದ ಅಡ್ಡ ದಿಕ್ಕಿನಲ್ಲಿ ಹೊರಗಿನ ಬಲವೇನೂ ಇಲ್ಲವೆಂದೇ ಹೇಳಬಹುದು. ಒಟ್ಟು ಸಂವೇಗ, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದಾಗ ಬರುವ ಗುಣಲಬ್ಧ, ಬದಲಾಗದೆ ಉಳಿಯುತ್ತದೆ. ಗುಂಡಿನ ದ್ರವ್ಯರಾಶಿ m, ವೇಗ v, ತುಂಡಿನ ದ್ರವ್ಯರಾಶಿ M, ಗುಂಡು ಹೊಕ್ಕ ಬಳಿಕ ಎರಡೂ ಸೇರಿ ಚಲಿಸುವ ವೇಗ V ಎಂದಾದರೆ:

m v = (M + m) V

ಎರಡನೆಯದು ತುಂಡು ತೂಗಿ ಮೇಲೇರುವ ಘಟನೆ. ಇಲ್ಲಿ ಚಲನ ಶಕ್ತಿಯೆಲ್ಲ ಪ್ರಚ್ಛನ್ನ ಶಕ್ತಿಯಾಗಿ, ಅಂದರೆ ಎತ್ತರಕ್ಕೇರಿದ್ದರಿಂದ ಸಂಗ್ರಹವಾಗುವ ಶಕ್ತಿಯಾಗಿ ಬದಲಾಗುತ್ತದೆ. ತುಂಡು ಏರಿದ ಎತ್ತರ h, ಗುರುತ್ವ ವೇಗೋತ್ಕರ್ಷ g ಆದರೆ:

V = √(2 g h)

ಪರೀಕ್ಷೆಯ ಉತ್ತರಗಳಲ್ಲಿಯೂ ಪ್ರಯೋಗದ ದಾಖಲೆ ಪುಸ್ತಕಗಳಲ್ಲಿಯೂ ಅತಿ ಹೆಚ್ಚು ಕಾಣುವ ತಪ್ಪು ಹುಟ್ಟುವುದು ಇಲ್ಲಿಯೇ. ಗುಂಡಿನ ಚಲನ ಶಕ್ತಿಯನ್ನು ತುಂಡಿನ ಪ್ರಚ್ಛನ್ನ ಶಕ್ತಿಗೆ ನೇರವಾಗಿ ಸಮೀಕರಿಸಿ, ನಡುವಿನ ಡಿಕ್ಕಿಯನ್ನು ಮರೆತುಬಿಡುತ್ತಾರೆ. ಡಿಕ್ಕಿಯಲ್ಲಿ ಸಂವೇಗ ಉಳಿಯುತ್ತದೆ, ಚಲನ ಶಕ್ತಿ ಉಳಿಯುವುದಿಲ್ಲ. ಅದರ ಬಹುಪಾಲು ಮರವನ್ನು ಸೀಳುವುದರಲ್ಲಿ, ಸೀಸವನ್ನು ಚಪ್ಪಟೆ ಮಾಡುವುದರಲ್ಲಿ, ಎರಡನ್ನೂ ಬಿಸಿ ಮಾಡುವುದರಲ್ಲಿ ಕಳೆದುಹೋಗುತ್ತದೆ. ಎಷ್ಟು ಕಳೆಯುತ್ತದೆ ಎಂಬುದನ್ನು ಲೆಕ್ಕದ ಹಂತದಲ್ಲಿ ಅಂಕಿಯಲ್ಲೇ ನೋಡೋಣ.

ಈ ಎರಡು ಘಟ್ಟಗಳ ಯೋಚನೆಯನ್ನು ಪ್ರಯೋಗಕ್ಕೆ ಇಳಿಸಿ 1742ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಅವರೂ ಎತ್ತರವನ್ನು ಸ್ಕೇಲಿನಿಂದ ಅಳೆಯಲಿಲ್ಲ. ಲೋಲಕದ ಕೆಳಗೆ ಒಂದು ರಿಬ್ಬನ್ ಕಟ್ಟಿ, ಲೋಲಕ ತೂಗಿದಾಗ ಎಷ್ಟು ಉದ್ದದ ರಿಬ್ಬನ್ ಎಳೆದುಬಂತು ಎಂಬುದನ್ನು ನೋಡಿದರು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಭಾರತಕ್ಕೆ ಬಂದ ಅವರು 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು.

ಬೇಕಾಗುವ ವಸ್ತುಗಳು

ಏಳು ಸೆಂಟಿಮೀಟರ್ ಬದಿಯ ಚೌಕ ಮುಖದ, ಹತ್ತು ಸೆಂಟಿಮೀಟರ್ ಉದ್ದದ ಮೆದು ಮರದ ತುಂಡು ಬೇಕು. ಹಾಲೆ ಮರದಂತಹ ಹಗುರ ಮರವಾದರೆ ಒಳ್ಳೆಯದು. ಹಲಸು, ಹೊನ್ನೆಯಂತಹ ಗಟ್ಟಿ ಮರಗಳು ಈ ಕೆಲಸಕ್ಕೆ ಬೇಡ. ತುಂಡಿನ ಮುಂಭಾಗದ ನಡುಮಧ್ಯದಲ್ಲಿ ಮೂರು ಸೆಂಟಿಮೀಟರ್ ಅಗಲದ, ನಾಲ್ಕೂವರೆ ಸೆಂಟಿಮೀಟರ್ ಆಳದ ದುಂಡು ಕುಳಿಯನ್ನು ಆಚಾರಿಯವರಿಂದ ಕೊರೆಯಿಸಿಕೊಳ್ಳಿ. ಆ ಕುಳಿಗೆ ತುಂಬಲು ಮಕ್ಕಳು ಗೊಂಬೆ ಮಾಡುವ, ಎಣ್ಣೆಯಂಶವಿರುವ ಬಣ್ಣದ ಕ್ಲೇ ತನ್ನಿ. ಕುಂಬಾರರ ಮಣ್ಣು ಬೇಡ. ಅದು ಒಣಗುತ್ತ ಹೋದಂತೆ ತೂಕ ಕಳೆದುಕೊಳ್ಳುತ್ತದೆ, ಗಟ್ಟಿಯಾಗಿ ಪೆಲೆಟ್ಟನ್ನು ಹಿಮ್ಮೆಟ್ಟಿಸಲೂ ಬಹುದು. ಎಲ್ಲ ಸೇರಿ ತುಂಡು ಸುಮಾರು 300 ಗ್ರಾಂ ಇರುವಂತೆ ನೋಡಿಕೊಳ್ಳಿ.

ತೂಗುಹಾಕಲು ಮಲ್ಪೆಯ ಅಥವಾ ಮಂಗಳೂರು ಬಂದರಿನ ಬಲೆ ಅಂಗಡಿಗಳಲ್ಲಿ ಸಿಗುವ ನೈಲಾನ್ ದಾರ, ತುಂಡಿಗೆ ತಿರುಗಿಸಿ ಕೂರಿಸುವ ನಾಲ್ಕು ಸಣ್ಣ ಕೊಕ್ಕೆಗಳು, ಒಂದು ಮೀಟರ್ ಟೇಪು, ಮಿಲಿಮೀಟರ್ ಗುರುತಿರುವ ಸ್ಕೇಲು, ದಪ್ಪ ಕಾಗದ, ರಟ್ಟು, ಮರಳು ತುಂಬಿದ ಚೀಲಗಳು ಮತ್ತು ನಿಲುಗಡಿಯಾರವಿರುವ ಮೊಬೈಲು ಬೇಕು. ತೂಕಕ್ಕೆ ಎರಡು ತಕ್ಕಡಿಗಳು ಬೇಕಾಗುತ್ತವೆ: ತುಂಡಿಗೆ ಒಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು, ಪೆಲೆಟ್ಟಿಗೆ ಪ್ರಯೋಗಾಲಯದ್ದೋ ಚಿನ್ನದ ಅಂಗಡಿಯದ್ದೋ ಸೂಕ್ಷ್ಮ ತಕ್ಕಡಿಯೇ ಆಗಬೇಕು.

ಏರ್‌ಗನ್ನಿನ ವಿಷಯದಲ್ಲಿ ಒಂದು ಮಾತು. ಈ ಲೇಖನದ ಅಂಕಿಗಳೆಲ್ಲ 4.5 ಮಿಲಿಮೀಟರ್ ನಳಿಗೆಯ ಸಾಧಾರಣ ಸ್ಪ್ರಿಂಗ್ ಏರ್‌ಗನ್ನಿಗೆ ಸಂಬಂಧಿಸಿದವು. 2016ರ ಶಸ್ತ್ರಾಸ್ತ್ರ ನಿಯಮಗಳು ಏರ್‌ಗನ್ನುಗಳನ್ನು ನಳಿಗೆಯ ಅಳತೆ ಮತ್ತು ಪೆಲೆಟ್ಟಿನ ಶಕ್ತಿಯಿಂದ ವಿಂಗಡಿಸುತ್ತವೆ. ಶಕ್ತಿಯ ಗಡಿ 20 ಜೂಲ್. ಪ್ರಯೋಗವನ್ನು ಶೂಟಿಂಗ್ ರೇಂಜಿನಲ್ಲಿ ಅಥವಾ ಕಾಲೇಜಿನ ಅಧ್ಯಾಪಕರ ಎದುರಿನಲ್ಲಿ, ಗನ್ ಬಳಸಿ ಅಭ್ಯಾಸವಿರುವ ಹಿರಿಯರ ಕೈಯಿಂದಲೇ ಮಾಡಿಸಿ. ಹತ್ತಿರದಿಂದ ಬಂದ ಪೆಲೆಟ್ ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ಅಲ್ಲಿರುವ ಪ್ರತಿಯೊಬ್ಬರೂ ರಕ್ಷಣಾ ಕನ್ನಡಕ ಧರಿಸಿರಬೇಕು, ತುಂಡಿನ ಹಿಂದೆ ಮರಳಿನ ಚೀಲಗಳ ಗೋಡೆ ಇರಬೇಕು, ಆ ದಿಕ್ಕಿನಲ್ಲಿ ಬಾಗಿಲಾಗಲಿ ಕಿಟಕಿಯಾಗಲಿ ಇರಬಾರದು.

ಹಂತ 1: ತೂಗುಹಾಕುವುದು

ಒಂದೇ ದಾರದಿಂದ ತೂಗುಹಾಕಿದ ತುಂಡು ಪೆಟ್ಟು ಬಿದ್ದೊಡನೆ ತಿರುಗುತ್ತದೆ, ಮುಗ್ಗರಿಸುತ್ತದೆ. ಆ ತಿರುಗುವಿಕೆಗೆ ಹೋದ ಶಕ್ತಿ ಎತ್ತರದಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ತುಂಡಿನ ಮೇಲ್ಮುಖದ ನಾಲ್ಕು ಮೂಲೆಗಳಿಗೆ ಕೊಕ್ಕೆ ಹಾಕಿ, ನಾಲ್ಕು ದಾರಗಳಿಂದ ತೂಗುಹಾಕಿ. ಮುಂದಿನ ಎರಡು ದಾರಗಳು ಮೇಲಕ್ಕೆ ಹೋದಂತೆ ಎಡಬಲಕ್ಕೆ ಅಗಲವಾಗಿ ಹರಡಿಕೊಂಡಿರಲಿ, ಹಿಂದಿನ ಎರಡೂ ಹಾಗೆಯೇ. ಆದರೆ ಪಕ್ಕದಿಂದ ನೋಡಿದಾಗ ಮುಂದಿನ ಮತ್ತು ಹಿಂದಿನ ದಾರಗಳು ಒಂದಕ್ಕೊಂದು ಸಮಾನಾಂತರವಾಗಿ ಕಾಣಬೇಕು. ಅಂದರೆ ಮೇಲೆ ಕಟ್ಟಿದ ಮುಂದಿನ ಮತ್ತು ಹಿಂದಿನ ಬಿಂದುಗಳ ನಡುವಣ ಅಂತರವೂ ಮುಂದಿನ ಮತ್ತು ಹಿಂದಿನ ಕೊಕ್ಕೆಗಳ ನಡುವಣ ಅಂತರವೂ ಒಂದೇ ಆಗಿರಬೇಕು. ಹೀಗಿದ್ದರೆ ತುಂಡು ಓರೆಯಾಗದೆ, ಮಟ್ಟವಾಗಿಯೇ ಹಿಂದಕ್ಕೆ ಹೋಗಿ ಮೇಲೇರುತ್ತದೆ, ಅದರ ಪ್ರತಿಯೊಂದು ಬಿಂದುವೂ ಒಂದೇ ಅಳತೆಯ ಕಂಸದಲ್ಲಿ ಚಲಿಸುತ್ತದೆ.

ಹಳೆಯ ಮನೆಯ ಚಾವಡಿಯ ಗಟ್ಟಿ ತೊಲೆ ಇದಕ್ಕೆ ಹೇಳಿಮಾಡಿಸಿದಂತಿರುತ್ತದೆ. ಕಾಲೇಜಿನಲ್ಲಾದರೆ ಕಬ್ಬಿಣದ ಚೌಕಟ್ಟು ಬಳಸಬಹುದು, ಆದರೆ ಅದು ಅಲುಗಾಡಬಾರದು. ನೈಲಾನ್ ದಾರ ಭಾರಕ್ಕೆ ನಿಧಾನವಾಗಿ ಜಗ್ಗುತ್ತದೆ. ತುಂಡನ್ನು ಹಿಂದಿನ ರಾತ್ರಿಯೇ ತೂಗುಹಾಕಿಟ್ಟು, ಮರುದಿನ ಉದ್ದವನ್ನು ಅಳೆಯಿರಿ. ಮಧ್ಯಾಹ್ನದ ಬಳಿಕ ಏಳುವ ಕಡಲಗಾಳಿ 300 ಗ್ರಾಂ ತುಂಡನ್ನು ಮಿಲಿಮೀಟರುಗಟ್ಟಲೆ ತೂಗಿಸಬಲ್ಲದು, ಹಾಗಾಗಿ ಬೆಳಗಿನ ಹೊತ್ತು, ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ ಪ್ರಯೋಗ ಮಾಡುವುದು ಸೂಕ್ತ.

ಹಂತ 2: L ಅನ್ನು ಅಳೆಯುವುದು

L ಎಂದರೆ ದಾರದ ಉದ್ದವಲ್ಲ. ದಾರಗಳು ಅಗಲಕ್ಕೆ ಹರಡಿಕೊಂಡಿರುವುದರಿಂದ ಅವು ಓರೆಯಾಗಿರುತ್ತವೆ. ನಮಗೆ ಬೇಕಾಗಿರುವುದು ಮೇಲೆ ಕಟ್ಟಿದ ಬಿಂದುಗಳ ಮಟ್ಟದಿಂದ ಕೊಕ್ಕೆಗಳ ಮಟ್ಟಕ್ಕೆ ಇರುವ ನೇರ ಲಂಬ ಅಂತರ. ತುಂಡಿನ ಮಧ್ಯದವರೆಗೂ ಅಳೆಯಬೇಕಾಗಿಲ್ಲ, ಏಕೆಂದರೆ ತುಂಡು ಓರೆಯಾಗದೆ ಚಲಿಸುವ ಈ ಜೋಡಣೆಯಲ್ಲಿ ಕೊಕ್ಕೆ ಎಷ್ಟು ಏರುತ್ತದೆಯೋ ತುಂಡಿನ ಮಧ್ಯವೂ ಅಷ್ಟೇ ಏರುತ್ತದೆ. ಈ ಉದಾಹರಣೆಗೆ L = 1.50 ಮೀಟರ್ ಎಂದು ಇಟ್ಟುಕೊಳ್ಳೋಣ.

ಅಳತೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಸುಲಭ ದಾರಿಯಿದೆ. ತುಂಡನ್ನು ಸ್ವಲ್ಪ ಸರಿಸಿ ಬಿಟ್ಟು, ಹತ್ತು ಪೂರ್ಣ ತೂಗಾಟಗಳಿಗೆ ತಗಲುವ ಸಮಯವನ್ನು ನೋಡಿ. ಒಂದು ತೂಗಾಟದ ಸಮಯ, ಅಂದರೆ ಆವರ್ತಕಾಲ T, 2π√(L/g) ಆಗಿರಬೇಕು. ಒಂದೂವರೆ ಮೀಟರಿಗೆ ಅದು 2.46 ಸೆಕೆಂಡ್, ಹತ್ತಕ್ಕೆ 24.6 ಸೆಕೆಂಡ್. ನಿಮಗೆ ಇದಕ್ಕಿಂತ ಅರ್ಧ ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ L ಅನ್ನು ತಪ್ಪಾದ ಜಾಗದಿಂದ ಅಳೆದಿದ್ದೀರಿ ಎಂದರ್ಥ. g ಯ ಬೆಲೆಯನ್ನು ಪುಸ್ತಕದ 9.81 ಎಂದು ತೆಗೆದುಕೊಳ್ಳದೆ 9.78 ಎಂದು ತೆಗೆದುಕೊಳ್ಳಿ. ಸಮಭಾಜಕಕ್ಕೆ ಹತ್ತಿರವಿರುವ, ಸಮುದ್ರಮಟ್ಟದ ನಮ್ಮ ಊರುಗಳಿಗೆ ಅದೇ ಸರಿಯಾದ ಬೆಲೆ.

ಹಂತ 3: ತೂಕಗಳು

ಒಂದು ಪೆಲೆಟ್ಟನ್ನು ಮಾತ್ರ ತೂಗಬೇಡಿ. ಒಂದೇ ಡಬ್ಬಿಯಿಂದ 20 ಪೆಲೆಟ್ಟುಗಳನ್ನು ಎಣಿಸಿ ಒಟ್ಟಿಗೆ ತೂಗಿ, ಬಂದ ತೂಕವನ್ನು 20ರಿಂದ ಭಾಗಿಸಿ. 20 ಪೆಲೆಟ್ಟುಗಳು 10.4 ಗ್ರಾಂ ತೂಗಿದರೆ ಒಂದರ ದ್ರವ್ಯರಾಶಿ 0.52 ಗ್ರಾಂ. ಈ ಅಂಕಿಯ ಮೇಲೆ ವಿಶೇಷ ಗಮನವಿರಲಿ, ಏಕೆಂದರೆ ಕೊನೆಯ ಲೆಕ್ಕದಲ್ಲಿ ಇದು ಭಾಜಕವಾಗಿ ಬರುತ್ತದೆ: m ನಲ್ಲಿ ನೂರಕ್ಕೆ ಎರಡರಷ್ಟು ದೋಷವಿದ್ದರೆ ವೇಗದಲ್ಲಿಯೂ ನೂರಕ್ಕೆ ಎರಡರಷ್ಟು ದೋಷ ಇದ್ದೇ ಇರುತ್ತದೆ.

ತುಂಡನ್ನು ಕ್ಲೇ, ಕೊಕ್ಕೆಗಳೆಲ್ಲ ಸೇರಿದಂತೆ ತೂಗಿ. ಮಳೆಗಾಲದಲ್ಲಿ ಕರಾವಳಿಯ ಮರ ತೇವವನ್ನು ಹೀರಿ ತೂಕ ಏರಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬರೆದಿಟ್ಟ ತೂಕವನ್ನು ಆಷಾಢದಲ್ಲಿ ಬಳಸುವಂತಿಲ್ಲ. ಪ್ರಯೋಗದ ದಿನವೇ ತೂಗಬೇಕು.

ಹಂತ 4: ಸರಿತವನ್ನು ಗುರುತಿಸುವ ಕಾಗದದ ಜಾರುಪಟ್ಟಿ

ತುಂಡಿನ ಹಿಂದೆ, ಅದರ ಅಡಿಯ ಮಟ್ಟಕ್ಕೆ ಸರಿಯಾಗಿ, ನಯವಾದ ಹಲಗೆಯ ಮೇಲೆ ಸ್ಕೇಲನ್ನು ಗುಂಡಿನ ದಿಕ್ಕಿನಲ್ಲೇ ಮಲಗಿಸಿ. ದಪ್ಪ ಕಾಗದವನ್ನು ಡೇರೆಯಂತೆ ಮಡಚಿ, ಸ್ಕೇಲಿನ ಮೇಲೆ ಜಾರುವಂತೆ ಕೂರಿಸಿ. ಸುಮ್ಮನೆ ನಿಂತ ತುಂಡಿನ ಹಿಂಭಾಗಕ್ಕೆ ಕಾಗದ ಮುಟ್ಟಿಯೂ ಮುಟ್ಟದಂತಿರಲಿ. ಆ ಸ್ಥಾನದ ಓದನ್ನು ಬರೆದುಕೊಳ್ಳಿ. ಗುಂಡು ಬಿದ್ದಾಗ ತುಂಡು ಕಾಗದವನ್ನು ತಳ್ಳಿಕೊಂಡು ಹೋಗಿ, ತಾನು ತಲುಪಿದ ತುದಿಯಲ್ಲಿ ಬಿಟ್ಟು ಹಿಂದಿರುಗುತ್ತದೆ. ಎರಡು ಓದುಗಳ ವ್ಯತ್ಯಾಸವೇ ಅಡ್ಡ ಸರಿತ x.

ಕಾಗದವೂ ತುಂಡಿನ ಶಕ್ತಿಯನ್ನು ಸ್ವಲ್ಪ ತಿನ್ನುತ್ತದೆ. ಡಿಕ್ಕಿಯ ನಂತರ ತುಂಡಿನಲ್ಲಿರುವ ಶಕ್ತಿ ಒಂದು ಜೂಲಿನ ನೂರನೆಯ ಒಂದಂಶದಷ್ಟೇ ಆದ್ದರಿಂದ, ಒಂದು ಗ್ರಾಂ ಕಾಗದವನ್ನು ಹತ್ತು ಸೆಂಟಿಮೀಟರ್ ತಳ್ಳುವ ಘರ್ಷಣೆಯೂ ಅದರಲ್ಲಿ ನೂರಕ್ಕೆ ಎರಡು ಮೂರರಷ್ಟನ್ನು ಕಸಿಯಬಲ್ಲದು. ಕಾಗದ ಒಂದು ಗ್ರಾಂಗಿಂತ ಹಗುರವಾಗಿರಲಿ. ಎಷ್ಟು ನಷ್ಟವಾಗುತ್ತಿದೆ ಎಂಬುದನ್ನು ಗುಂಡು ಹಾರಿಸುವ ಮೊದಲೇ ಪರೀಕ್ಷಿಸಿ: ತುಂಡನ್ನು ಗನ್ನಿನ ಕಡೆಗೆ ಸರಿಯಾಗಿ 10.0 ಸೆಂಟಿಮೀಟರ್ ಎಳೆದು, ದಾರದ ಗಂಟನ್ನು ಬಿಚ್ಚಿದಂತೆ ಮೆಲ್ಲನೆ ಬಿಡಿ. ಅದು ಮಧ್ಯಕ್ಕೆ ಬಂದು ಕಾಗದವನ್ನು ತಳ್ಳಿಕೊಂಡು ಆಚೆಗೆ ಹೋಗುತ್ತದೆ. ಕಾಗದ 9.9 ಸೆಂಟಿಮೀಟರಿನಲ್ಲಿ ನಿಂತರೆ ನಷ್ಟ ನೂರಕ್ಕೆ ಒಂದು, ನಂತರದ ಪ್ರತಿ ಓದಿಗೂ ಅಷ್ಟನ್ನು ಕೂಡಿಸಿಕೊಳ್ಳಿ. 9.5ರಲ್ಲೇ ನಿಂತರೆ ಕಾಗದ ಎಲ್ಲೋ ಉಜ್ಜುತ್ತಿದೆ, ಸರಿಪಡಿಸಿ. 10.3ಕ್ಕೆ ಹೋದರೆ ಕಾಗದ ತುಂಡಿನಿಂದ ಚಿಮ್ಮಿ ತಾನಾಗಿಯೇ ಜಾರಿದೆ ಎಂದರ್ಥ. ಆಗ ಸ್ಕೇಲಿನ ಮೈಯನ್ನು ತುಸು ಒರಟು ಮಾಡಬೇಕು.

ಮೊಬೈಲಿನ ನಿಧಾನಗತಿಯ ವೀಡಿಯೋದಿಂದಲೂ x ಅನ್ನು ಓದಬಹುದು. ಆದರೆ ಮೊಬೈಲನ್ನು ಕನಿಷ್ಠ ಎರಡು ಮೀಟರ್ ದೂರದಲ್ಲಿ, ಗುಂಡಿನ ದಾರಿಗೆ ಅಡ್ಡಲಾಗಿ ಸ್ಟ್ಯಾಂಡಿನ ಮೇಲಿಟ್ಟು, ಸ್ಕೇಲನ್ನು ತುಂಡಿಗೆ ತಾಗುವಷ್ಟು ಹತ್ತಿರ ಇಡದಿದ್ದರೆ ಓರೆನೋಟದ ದೋಷ ನುಸುಳುತ್ತದೆ. ಎರಡೂ ವಿಧಾನಗಳನ್ನು ಒಟ್ಟಿಗೆ ಬಳಸಿ ತಾಳೆ ನೋಡುವುದು ಎಲ್ಲಕ್ಕಿಂತ ಉತ್ತಮ.

ಹಂತ 5: ಹೊಡೆಯುವುದು

ಗನ್ನನ್ನು ಮರಳಿನ ಚೀಲದ ಮೇಲೆ ಒರಗಿಸಿ, ನಳಿಗೆ ಮಟ್ಟವಾಗಿ, ಕುಳಿಯ ನಡುವಿಗೆ ನೇರವಾಗಿರುವಂತೆ ಹೊಂದಿಸಿ. ನಳಿಗೆಯ ತುದಿಯಿಂದ ತುಂಡಿಗೆ ಸುಮಾರು ಎರಡು ಮೀಟರ್ ದೂರವಿರಲಿ. ಹತ್ತಿರದಿಂದ ಹೊಡೆದರೆ ನಳಿಗೆಯಿಂದ ಪೆಲೆಟ್ಟಿನ ಜೊತೆ ಚಿಮ್ಮುವ ಗಾಳಿಯೂ ತುಂಡನ್ನು ದೂಡುತ್ತದೆ, ವೇಗ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ನಡುವೆ ಒಂದು ರಟ್ಟನ್ನು ನಿಲ್ಲಿಸಿ, ಪೆಲೆಟ್ ಹಾಯಲು ಎರಡು ಸೆಂಟಿಮೀಟರಿನ ರಂಧ್ರ ಮಾಡಿದರೆ ಈ ಗಾಳಿ ತಡೆಯಲ್ಪಡುತ್ತದೆ. ಗಾಳಿಯ ಪರಿಣಾಮವನ್ನು ನೋಡಲೆಂದು ಪೆಲೆಟ್ ಇಲ್ಲದೆ ಸ್ಪ್ರಿಂಗ್ ಗನ್ನನ್ನು ಹಾರಿಸಬೇಡಿ. ಎದುರಿಗೆ ತಡೆಯಿಲ್ಲದೆ ನುಗ್ಗಿದ ಪಿಸ್ಟನ್ ತುದಿಗೆ ಬಡಿದು ಹಾಳಾಗುತ್ತದೆ.

ತುಂಡು ಪೂರ್ತಿ ನಿಶ್ಚಲವಾಗುವವರೆಗೆ ಕಾದು ಹೊಡೆಯಿರಿ. ಹೊಡೆದ ಬಳಿಕ ಗನ್ ಖಾಲಿಯಿದೆ ಎಂದು ಖಚಿತವಾದ ಮೇಲೆಯೇ ಯಾರಾದರೂ ತುಂಡಿನ ಬಳಿ ಹೋಗಬೇಕು. ಪ್ರತಿ ಹೊಡೆತದ ನಂತರ ಮೂರು ಸಂಗತಿಗಳನ್ನು ನೋಡಿ ಬರೆದುಕೊಳ್ಳಿ: x ನ ಓದು, ಪೆಲೆಟ್ ಕುಳಿಯ ಯಾವ ಜಾಗಕ್ಕೆ ಹೊಕ್ಕಿದೆ, ಮತ್ತು ತುಂಡು ನೇರವಾಗಿ ತೂಗಿತೇ ಅಥವಾ ಅಡ್ಡಾದಿಡ್ಡಿ ಆಡಿತೇ. ಅಂಚಿಗೆ ಬಿದ್ದು ತುಂಡು ತಿರುಚಿಕೊಂಡ ಹೊಡೆತಗಳನ್ನು ಲೆಕ್ಕದಿಂದ ಕೈಬಿಡಿ, ಆದರೆ ಕೈಬಿಟ್ಟ ಕಾರಣವನ್ನೂ ದಾಖಲಿಸಿ. ಅಂಕಿ ಹಿಡಿಸಲಿಲ್ಲ ಎಂಬುದು ಕಾರಣವಾಗುವುದಿಲ್ಲ.

ಪೆಲೆಟ್ ಒಳಗೇ ಉಳಿದಿದೆಯೇ ಎಂಬುದನ್ನು ಪ್ರತಿಸಲವೂ ಖಚಿತಪಡಿಸಿಕೊಳ್ಳಿ. ಅದು ಹಿಂದಕ್ಕೆ ಪುಟಿದಿದ್ದರೆ ತುಂಡಿಗೆ ಹೆಚ್ಚುವರಿ ಸಂವೇಗ ಸಿಕ್ಕಿರುತ್ತದೆ, ಲೆಕ್ಕದ ವೇಗ ನಿಜಕ್ಕಿಂತ ಹೆಚ್ಚು ಬರುತ್ತದೆ. ಹಿಂದಿನ ಪೆಲೆಟ್ಟಿನ ಮೇಲೆಯೇ ಹೊಸ ಪೆಲೆಟ್ ಬಿದ್ದಾಗ ಹೀಗಾಗುವುದು ಸಾಮಾನ್ಯ, ನೆಲದ ಮೇಲೆ ಚಪ್ಪಟೆಯಾದ ಸೀಸ ಸಿಕ್ಕಿದರೆ ಅದೇ ಸಾಕ್ಷಿ. ಕುಳಿಗೆ ಕ್ಲೇ ತುಂಬಿಸುವುದರ ಉದ್ದೇಶವೂ ಇದೇ: ಬರೇ ಮರಕ್ಕೆ ಹೊಡೆದರೆ ಸಿಬಿರುಗಳು ಗನ್ನಿನ ಕಡೆಗೆ ಸಿಡಿಯುತ್ತವೆ, ಅವು ಹಿಮ್ಮುಖವಾಗಿ ಒಯ್ದ ಸಂವೇಗವೂ ತುಂಡನ್ನು ಮುಂದಕ್ಕೆ ಹೆಚ್ಚು ತಳ್ಳಿರುತ್ತದೆ.

ಹಂತ 6: ಲೆಕ್ಕ

ಉದಾಹರಣೆಗೆ, ಐದು ಒಳ್ಳೆಯ ಹೊಡೆತಗಳಲ್ಲಿ x ನ ಓದುಗಳು, ಕಾಗದದ ನಷ್ಟವನ್ನು ಸರಿಪಡಿಸಿದ ಮೇಲೆ, 10.3, 10.1, 10.4, 10.2 ಮತ್ತು 10.0 ಸೆಂಟಿಮೀಟರ್ ಬಂದಿವೆ ಎನ್ನೋಣ. ಸರಾಸರಿ 10.2 ಸೆಂಟಿಮೀಟರ್, ಅಂದರೆ 0.102 ಮೀಟರ್.

ತುಂಡು ಸಾಗಿದ್ದು L ತ್ರಿಜ್ಯದ ವೃತ್ತದ ಕಂಸದಲ್ಲಿ. ಆದ್ದರಿಂದ ಪೈಥಾಗೊರಸ್ ಪ್ರಮೇಯದಂತೆ ಅದು ಏರಿದ ಎತ್ತರ:

h = L − √(L² − x²)

ಇಲ್ಲಿ L² ಎಂದರೆ 2.25, x² ಎಂದರೆ 0.010404. ವ್ಯತ್ಯಾಸದ ವರ್ಗಮೂಲ 1.49653. ಹಾಗಾಗಿ h = 0.00347 ಮೀಟರ್, ಮೂರೂವರೆ ಮಿಲಿಮೀಟರಿಗೂ ತುಸು ಕಡಿಮೆ. ಇಲ್ಲಿ ಕ್ಯಾಲ್ಕುಲೇಟರಿನಲ್ಲಿ ನಡುವಿನ ಅಂಕಿಯನ್ನು 1.50 ಎಂದು ಕತ್ತರಿಸಿಬಿಟ್ಟರೆ ಉತ್ತರ ಸೊನ್ನೆಯಾಗುತ್ತದೆ. ದಶಮಾಂಶದ ನಂತರ ಐದು ಸ್ಥಾನಗಳನ್ನಾದರೂ ಉಳಿಸಿಕೊಳ್ಳಬೇಕು. x ಸಣ್ಣದಿರುವಾಗ h = x²/(2L) ಎಂಬ ಸರಳ ಸೂತ್ರವೂ ಅದೇ ಉತ್ತರ ಕೊಡುತ್ತದೆ, ಕತ್ತರಿಸುವ ಅಪಾಯವೂ ಇಲ್ಲ.

ತುಂಡು ಹೊರಟ ವೇಗ:

V = √(2 × 9.78 × 0.00347) = 0.260 ಮೀಟರ್ ಪ್ರತಿ ಸೆಕೆಂಡ್

ಇದನ್ನು ಇನ್ನೊಂದು ದಾರಿಯಿಂದ ತಾಳೆ ನೋಡಬಹುದು. ಸಣ್ಣ ತೂಗಾಟದಲ್ಲಿ V = 2πx/T. ಹಂತ 2ರಲ್ಲಿ ಅಳೆದ T ಯನ್ನು ಹಾಕಿದರೆ ಇದೂ 0.260 ಎಂದೇ ಬರುತ್ತದೆ. ಎರಡು ಉತ್ತರಗಳು ಕೂಡಿಬರದಿದ್ದರೆ ಮುಂದೆ ಹೋಗಬೇಡಿ, L ಅನ್ನು ಮತ್ತೆ ಅಳೆಯಿರಿ.

ಈಗ ದ್ರವ್ಯರಾಶಿಗಳು. ತುಂಡು ಮೊದಲು 300.0 ಗ್ರಾಂ ಇತ್ತು; ಆದರೆ ಪ್ರತಿ ಹೊಡೆತಕ್ಕೂ ಒಂದು ಪೆಲೆಟ್ ಅದರೊಳಗೆ ಸೇರುತ್ತ ಹೋಗಿದೆ. ಮೊದಲ ಹೊಡೆತದಲ್ಲಿ ಚಲಿಸಿದ್ದು 300.5 ಗ್ರಾಂ, ಐದನೆಯದರಲ್ಲಿ 302.6 ಗ್ರಾಂ. ಈ ಏರಿಕೆ ಸಣ್ಣದು, ಆದರೂ ಮರೆಯುವಂಥದ್ದಲ್ಲ. ಸರಾಸರಿಗೆ ಮೂರು ಪೆಲೆಟ್ಟುಗಳನ್ನು ಕೂಡಿಸಿದರೆ M + m = 301.6 ಗ್ರಾಂ. ಅದನ್ನು 0.52ರಿಂದ ಭಾಗಿಸಿದರೆ 580 ಬರುತ್ತದೆ.

v = 580 × 0.260 = 151 ಮೀಟರ್ ಪ್ರತಿ ಸೆಕೆಂಡ್

ಗಂಟೆಗೆ ಹೇಳುವುದಾದರೆ ಸುಮಾರು 544 ಕಿಲೋಮೀಟರ್. (ನಿಮ್ಮ ಲೆಕ್ಕದಲ್ಲಿ V ಯನ್ನು ಮಧ್ಯದಲ್ಲಿ ಕತ್ತರಿಸದೆ 0.2605 ಎಂದೇ ಮುಂದುವರಿಸಿ.)

ಶಕ್ತಿ ಎಲ್ಲಿ ಹೋಯಿತು ಎಂಬುದನ್ನು ಈಗ ನೋಡಬಹುದು. 151 ಮೀಟರ್ ವೇಗದ ಪೆಲೆಟ್ಟಿನ ಚಲನ ಶಕ್ತಿ 5.9 ಜೂಲ್, ನಿಯಮದ 20 ಜೂಲಿನ ಗಡಿಗಿಂತ ಬಹಳ ಕೆಳಗೆ. ಡಿಕ್ಕಿಯ ನಂತರ ತುಂಡಿನ ಬಳಿ ಉಳಿದದ್ದು 0.0102 ಜೂಲ್ ಮಾತ್ರ. ಅಂದರೆ ಸಾವಿರಕ್ಕೆ ಎರಡು ಪಾಲು ಕೂಡ ಉಳಿಯಲಿಲ್ಲ. ಈ ಪಾಲು ಗನ್ನಿನ ಮೇಲಾಗಲಿ ಮರದ ಜಾತಿಯ ಮೇಲಾಗಲಿ ಅವಲಂಬಿಸಿಲ್ಲ, ಅದು m/(M + m) ಎಂಬ ಅನುಪಾತ ಮಾತ್ರ. ಮೊದಲೇ ಹೇಳಿದ ತಪ್ಪನ್ನು ಮಾಡಿ, ಗುಂಡಿನ ಶಕ್ತಿಯೆಲ್ಲ ಎತ್ತರವಾಯಿತು ಎಂದುಕೊಂಡರೆ ಇದೇ ಅಳತೆಗಳಿಂದ ಪೆಲೆಟ್ಟಿನ ವೇಗ ಸೆಕೆಂಡಿಗೆ 6.3 ಮೀಟರ್ ಎಂದು ಬರುತ್ತದೆ. ಸೈಕಲ್ಲಿನ ವೇಗದ ಪೆಲೆಟ್ ಕ್ಲೇಯೊಳಗೆ ಹೊಗಲಾರದು; ಉತ್ತರ ಇಷ್ಟು ಸಣ್ಣದಾಗಿ ಬಂದರೆ ಸಂವೇಗದ ಘಟ್ಟವನ್ನು ಹಾರಿಬಿಟ್ಟಿದ್ದೀರಿ ಎಂದು ತಿಳಿಯಿರಿ.

ಹಂತ 7: ಉತ್ತರವನ್ನು ಎಷ್ಟು ನಂಬಬಹುದು

x ನ ಓದುಗಳು ಸರಾಸರಿಯಿಂದ ಎರಡು ಮಿಲಿಮೀಟರ್ ಆಚೀಚೆ ಇವೆ, ಅಂದರೆ ನೂರಕ್ಕೆ ಎರಡು. ಪೆಲೆಟ್ಟಿನ ದ್ರವ್ಯರಾಶಿಯಲ್ಲಿಯೂ ಒಂದರಿಂದ ಒಂದಕ್ಕೆ ಅಷ್ಟೇ ವ್ಯತ್ಯಾಸವಿರಬಹುದು. ಎರಡನ್ನೂ ವರ್ಗಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ನೂರಕ್ಕೆ ಸುಮಾರು ಮೂರು. ಆದ್ದರಿಂದ ಉತ್ತರವನ್ನು 151 ± 4 ಮೀಟರ್ ಪ್ರತಿ ಸೆಕೆಂಡ್ ಎಂದು ಬರೆಯುವುದು ಪ್ರಾಮಾಣಿಕ. 151.06 ಎಂದು ಕ್ಯಾಲ್ಕುಲೇಟರ್ ತೋರಿಸಿದ ಅಂಕಿಗಳನ್ನೆಲ್ಲ ದಾಖಲೆಗೆ ಇಳಿಸುವುದು ಸರಿಯಲ್ಲ.

ಗನ್ನಿನ ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗಕ್ಕೆ ಇದು ಕೂಡಿಬರುವುದಿಲ್ಲ ಎಂದು ಹಲವರು ಚಿಂತಿಸುತ್ತಾರೆ. ಪೆಟ್ಟಿಗೆಯ ಅಂಕಿ ಹೆಚ್ಚಾಗಿ ಅತಿ ಹಗುರ ಪೆಲೆಟ್ಟಿನಿಂದ, ಹೊಸ ಸ್ಪ್ರಿಂಗಿನಿಂದ ಬಂದಿರುತ್ತದೆ. ಭಾರದ ಪೆಲೆಟ್ ಅದೇ ಗನ್ನಿನಿಂದ ನಿಧಾನವಾಗಿ ಹೊರಡುತ್ತದೆ. ಜೊತೆಗೆ ನೀವು ಅಳೆದಿರುವುದು ತುಂಡಿಗೆ ತಾಗುವ ಕ್ಷಣದ ವೇಗ, ನಳಿಗೆಯ ತುದಿಯ ವೇಗವಲ್ಲ. ಹಾಗಾಗಿ ನಿಮ್ಮ ಉತ್ತರ ತುಸು ಕಡಿಮೆಯಿದ್ದರೆ ಗಾಬರಿಯಾಗಬೇಕಾಗಿಲ್ಲ. ಪೆಟ್ಟಿಗೆಯ ಅಂಕಿಗಿಂತ ನಿಮ್ಮ ಉತ್ತರ ಹೆಚ್ಚಿದ್ದರೆ ಮಾತ್ರ ಮೂರು ಸಂಶಯಗಳನ್ನು ಈ ಕ್ರಮದಲ್ಲಿ ಪರಿಶೀಲಿಸಿ: ಪೆಲೆಟ್ ಪುಟಿದಿರಬಹುದು, ನಳಿಗೆಯ ಗಾಳಿ ತುಂಡಿಗೆ ತಾಗಿರಬಹುದು, ಅಥವಾ ಕಾಗದ ಚಿಮ್ಮಿ ಮುಂದೆ ಹೋಗಿರಬಹುದು.

ಬೇರೆ ಗುಂಡು, ಬೇರೆ ದೂರ

ತುಂಡಿನ ತೂಕವನ್ನು ಆಯುವಾಗ x ಎಂಟರಿಂದ ಹದಿನೈದು ಸೆಂಟಿಮೀಟರಿನ ನಡುವೆ ಬರುವಂತೆ ನೋಡಿಕೊಳ್ಳಬೇಕು. ಅದಕ್ಕಿಂತ ಕಡಿಮೆಯಾದರೆ ಓದುವ ದೋಷ ಹೆಚ್ಚುತ್ತದೆ. ಬಹಳ ಹೆಚ್ಚಾದರೆ ಕಾಗದ ಮತ್ತು ತುಂಡಿನ ಮಟ್ಟಗಳು ತಪ್ಪಿಹೋಗುತ್ತವೆ. ಶೂಟಿಂಗ್ ರೇಂಜುಗಳಲ್ಲಿ ಪರವಾನಗಿಯೊಂದಿಗೆ ಬಳಸುವ .22 ರೈಫಲ್ಲಿನ ಗುಂಡು ಸುಮಾರು 2.6 ಗ್ರಾಂ ಇದ್ದು, ಸೆಕೆಂಡಿಗೆ 330 ಮೀಟರಿನಷ್ಟು ವೇಗದಲ್ಲಿ ಹೊರಡುತ್ತದೆ. ಅದರ ಸಂವೇಗ ನಮ್ಮ ಪೆಲೆಟ್ಟಿನದ್ದಕ್ಕಿಂತ ಹನ್ನೊಂದು ಪಟ್ಟು. ಅದೇ ಹತ್ತು ಸೆಂಟಿಮೀಟರ್ ತೂಗಾಟ ಬೇಕೆಂದರೆ ಮೂರು ಕಿಲೋಗ್ರಾಂಗಿಂತ ಹೆಚ್ಚಿನ ತುಂಡು ಬೇಕು, ಅದು ಗುಂಡು ಹಾದುಹೋಗದಷ್ಟು ಉದ್ದವೂ ಇರಬೇಕು. ಗುಂಡು ಹಿಂಬದಿಯಿಂದ ಹೊರಬಿದ್ದರೆ ತನ್ನ ಸಂವೇಗದ ಒಂದು ಪಾಲನ್ನು ಹೊತ್ತೊಯ್ಯುತ್ತದೆ, ಮೇಲಿನ ಸೂತ್ರ ಅಲ್ಲಿಗೆ ಸಲ್ಲುವುದಿಲ್ಲ. ಆ ಪ್ರಯೋಗ ರೇಂಜಿನವರ ಕೈಯಲ್ಲಿ, ಅವರ ಕಟ್ಟುಪಾಡಿನಲ್ಲಿ ಮಾತ್ರ ನಡೆಯಬೇಕಾದದ್ದು.

ಏರ್‌ಗನ್ನಿನಲ್ಲಿಯೇ ಇನ್ನೊಂದು ಹೆಜ್ಜೆ ಮುಂದೆ ಹೋಗಲು ಬಯಸುವವರು ಗನ್ನನ್ನು ಎರಡು ಮೀಟರಿನ ಬದಲು ಹತ್ತು ಮೀಟರ್ ದೂರಕ್ಕೆ ಒಯ್ದು, ಅದೇ ಡಬ್ಬಿಯ ಪೆಲೆಟ್ಟುಗಳಿಂದ ಮತ್ತೆ ಅಳೆಯಬಹುದು. ಎರಡು ವೇಗಗಳ ವ್ಯತ್ಯಾಸ ಎಂಟು ಮೀಟರ್ ಗಾಳಿ ಪೆಲೆಟ್ಟಿನಿಂದ ಕಸಿದುಕೊಂಡ ವೇಗವನ್ನು ತೋರಿಸುತ್ತದೆ. ರಾಬಿನ್ಸ್ ಕೂಡ ಹೀಗೆ ಬೇರೆ ಬೇರೆ ದೂರಗಳಿಂದ ಹೊಡೆದೇ, ವೇಗದ ಗುಂಡಿಗೆ ಗಾಳಿ ಒಡ್ಡುವ ತಡೆ ಅಂದಿನವರು ಎಣಿಸಿದ್ದಕ್ಕಿಂತ ಬಹಳ ದೊಡ್ಡದೆಂದು ಕಂಡುಕೊಂಡದ್ದು. ಆ ದೂರದಿಂದ ಮೂರು ಸೆಂಟಿಮೀಟರಿನ ಕುಳಿಯ ನಡುವಿಗೇ ಹೊಡೆಯಲು ಪಳಗಿದ ಕೈ ಬೇಕು. ಇಲ್ಲದಿದ್ದರೆ ಕುಳಿಯನ್ನು ಐದು ಸೆಂಟಿಮೀಟರಿಗೆ ಅಗಲಿಸಿಕೊಂಡು, ಎರಡೂ ದೂರಗಳಿಗೆ ಅದೇ ತುಂಡನ್ನೇ ಬಳಸಿ, ಪ್ರತಿ ದೂರಕ್ಕೂ ಕನಿಷ್ಠ ಹತ್ತು ಒಳ್ಳೆಯ ಹೊಡೆತಗಳ ಸರಾಸರಿ ತೆಗೆದುಕೊಳ್ಳಿ. ವ್ಯತ್ಯಾಸವು ನಿಮ್ಮ ± ಅಂಕಿಗಿಂತ ದೊಡ್ಡದಾಗಿ ಬಂದರೆ ಮಾತ್ರ ಅದನ್ನು ಗಾಳಿಯ ಪರಿಣಾಮ ಎಂದು ಬರೆಯಿರಿ.